ವೇಗವನ್ನು ಬರೆದಿಡದ ಹಗ್ಗ

2010ರಲ್ಲಿ ಬಂದ ‘ಕಟ್ ದ ರೋಪ್’ ಮೊಬೈಲ್ ಆಟದಲ್ಲಿ ಹಗ್ಗಕ್ಕೆ ಕಟ್ಟಿದ ಮಿಠಾಯಿ ತೂಗಾಡುತ್ತಿರುತ್ತದೆ. ಸರಿಯಾದ ಗಳಿಗೆ ನೋಡಿ ಬೆರಳಿನಿಂದ ಹಗ್ಗ ಕತ್ತರಿಸಿದರೆ ಅದು ಓಂ ನಾಮ್ ಎಂಬ ಹಸಿರು ಪ್ರಾಣಿಯ ಬಾಯಿಗೆ ಬೀಳುತ್ತದೆ. ಇಂಥ ಆಟದ ಮಜವೆಲ್ಲ ಹಗ್ಗ ಹಗ್ಗದಂತೆಯೇ ನಡೆದುಕೊಳ್ಳುವುದರಲ್ಲಿದೆ. ಅದು ರಬ್ಬರಿನಂತೆ ಹಿಗ್ಗಿದರೂ, ಕೋಲಿನಂತೆ ಸೆಟೆದು ನಿಂತರೂ ಆಟಗಾರನ ಅಂದಾಜು ತಪ್ಪುತ್ತದೆ.

ಇಂಥ ಹಗ್ಗಗಳನ್ನು ಕಟ್ಟಲು ಆಟ ತಯಾರಕರು ಹೆಚ್ಚಾಗಿ ನೆಚ್ಚಿಕೊಳ್ಳುವ ಲೆಕ್ಕ ಆಟಕ್ಕಾಗಿ ಹುಟ್ಟಿದ್ದಲ್ಲ. ಫ್ರೆಂಚ್ ಭೌತವಿಜ್ಞಾನಿ ಲೂ ವರ್ಲೆ 1967ರಲ್ಲಿ 864 ಕಣಗಳ ಚಲನೆಯನ್ನು ಕಂಪ್ಯೂಟರಿನಲ್ಲಿ ಲೆಕ್ಕ ಹಾಕಿ, ಆರ್ಗಾನ್ ದ್ರವದ ಗುಣಗಳನ್ನು ತಿಳಿಯಲು ಈ ವಿಧಾನ ಬಳಸಿದರು. ಅದನ್ನು ಆಟಗಳ ಲೋಕದಲ್ಲಿ ಜನಪ್ರಿಯಗೊಳಿಸಿದವರು ಥಾಮಸ್ ಯಾಕೋಬ್ಸನ್. ‘ಹಿಟ್‌ಮ್ಯಾನ್: ಕೋಡ್‌ನೇಮ್ 47’ ಆಟದಲ್ಲಿ ನೆಲಕ್ಕುರುಳುವ ದೇಹಗಳನ್ನೂ ಬಟ್ಟೆಯನ್ನೂ ಅವರು ಹೀಗೆಯೇ ಕಟ್ಟಿದ್ದರು. 2001ರ ಗೇಮ್ ಡೆವಲಪರ್ಸ್ ಕಾನ್ಫರೆನ್ಸ್‌ನಲ್ಲಿ ಆ ವಿಧಾನವನ್ನು ವಿವರಿಸಿದರು.

ಹಗ್ಗವೆಂದರೆ ಇಲ್ಲಿ ಬಿಂದುಗಳ ಸಾಲು. ಹತ್ತು ಬಿಂದುಗಳಿವೆ, ಅಕ್ಕಪಕ್ಕದ ಬಿಂದುಗಳ ನಡುವೆ 20 ಪಿಕ್ಸೆಲ್ ಅಂತರವಿದೆ ಎಂದುಕೊಳ್ಳೋಣ. ಮೇಲಿನ ಬಿಂದು ಮೊಳೆಗೆ ಸಿಕ್ಕಿಕೊಂಡಿದೆ, ಕೆಳಗಿನದೇ ಮಿಠಾಯಿ. ಸಾಮಾನ್ಯ ಲೆಕ್ಕದಲ್ಲಿ ಪ್ರತಿ ಬಿಂದುವಿನ ಸ್ಥಾನವನ್ನೂ ವೇಗವನ್ನೂ ಬೇರೆಬೇರೆಯಾಗಿ ನೆನಪಿಡಬೇಕು. ವರ್ಲೆ ವಿಧಾನದಲ್ಲಿ ವೇಗವನ್ನು ಬರೆದಿಡುವುದೇ ಇಲ್ಲ. ಬಿಂದು ಈಗ ಎಲ್ಲಿದೆ, ಹಿಂದಿನ ಫ್ರೇಮಿನಲ್ಲಿ ಎಲ್ಲಿತ್ತು ಎಂಬ ಎರಡು ಸಂಗತಿ ಸಾಕು. ಎರಡರ ನಡುವಿನ ವ್ಯತ್ಯಾಸವೇ ವೇಗ.

```
vx = x - oldX
vy = y - oldY
oldX = x
oldY = y
x = x + vx
y = y + vy + g*dt*dt
```

ಗುರುತ್ವವನ್ನು ಸೆಕೆಂಡಿಗೆ ಸೆಕೆಂಡಿಗೆ 1000 ಪಿಕ್ಸೆಲ್ ಎಂದೂ ಸೆಕೆಂಡಿಗೆ 60 ಫ್ರೇಮ್ ಎಂದೂ ಇಟ್ಟುಕೊಂಡರೆ, ಅದು ಪ್ರತಿ ಫ್ರೇಮಿನಲ್ಲೂ ಬಿಂದುವಿನ ನಡೆಗೆ ಸುಮಾರು 0.28 ಪಿಕ್ಸೆಲ್ ಸೇರಿಸುತ್ತದೆ.

ಇಷ್ಟರಿಂದಲೇ ಹಗ್ಗವಾಗುವುದಿಲ್ಲ, ಬಿಂದುಗಳು ಬಿಡಿಬಿಡಿಯಾಗಿ ಉದುರುತ್ತವೆ. ಅವನ್ನು ಹಿಡಿದಿಡುವುದು ಎರಡನೆಯ ಹೆಜ್ಜೆ. ಪಕ್ಕದ ಎರಡು ಬಿಂದುಗಳ ಅಂತರ 26 ಪಿಕ್ಸೆಲ್‌ಗೆ ಹಿಗ್ಗಿದ್ದರೆ, ಹೆಚ್ಚಾದ 6 ಪಿಕ್ಸೆಲನ್ನು ಹಂಚಿ ಎರಡನ್ನೂ ಮೂರು ಮೂರು ಪಿಕ್ಸೆಲ್ ಹತ್ತಿರ ತರಬೇಕು. ಒಂದು ಬಿಂದು ಮೊಳೆಯಲ್ಲಿದ್ದರೆ ಇನ್ನೊಂದೇ ಪೂರ್ತಿ ಆರು ಪಿಕ್ಸೆಲ್ ಸರಿಯುತ್ತದೆ. ಮಿಠಾಯಿ ಹಗ್ಗದ ಬಿಂದುವಿಗಿಂತ ನಾಲ್ಕು ಪಟ್ಟು ಭಾರವಿದ್ದರೆ ಹಗುರ ಬಿಂದು 4.8, ಮಿಠಾಯಿ 1.2 ಪಿಕ್ಸೆಲ್ ಸರಿಯುತ್ತವೆ.

ವೇಗವನ್ನು ಬರೆದಿಡದ ಲಾಭ ಇಲ್ಲಿ ಕಾಣುತ್ತದೆ. ಬಿಂದುವನ್ನು ಎಳೆದು ಸರಿಪಡಿಸಿದೊಡನೆ ಈಗಿನ ಸ್ಥಾನಕ್ಕೂ ಹಿಂದಿನ ಸ್ಥಾನಕ್ಕೂ ಇರುವ ವ್ಯತ್ಯಾಸ ಬದಲಾಗುತ್ತದೆ, ಅಂದರೆ ವೇಗವೂ ತಾನಾಗಿ ಸರಿಹೋಗುತ್ತದೆ. ಹಗ್ಗ ಕತ್ತರಿಸುವುದೂ ಇಷ್ಟೇ ಸಲೀಸು. ಬೆರಳು ಎಳೆದ ಗೆರೆ ಯಾವ ಎರಡು ಬಿಂದುಗಳ ನಡುವೆ ಹಾಯಿತೋ ಅವುಗಳ ಅಂತರ ಕಾಯುವ ನಿಯಮವನ್ನು ಅಳಿಸಿದರೆ ಮುಗಿಯಿತು. ಉಯ್ಯಾಲೆಯ ಓಟ ಮಿಠಾಯಿಯ ಹಿಂದಿನ ಸ್ಥಾನದಲ್ಲೇ ಅಡಗಿರುವುದರಿಂದ ಅದು ಅದೇ ದಿಕ್ಕಿನಲ್ಲಿ ಹಾರುತ್ತದೆ. ಹಾರಿಸಲೆಂದು ಬೇರೆ ಒಂದು ಸಾಲು ಕೋಡನ್ನೂ ಬರೆಯಬೇಕಿಲ್ಲ. ಈ ವಿಧಾನದ ಅತ್ಯಂತ ಸೊಗಸಾದ ಜಾಗ ಇದೇ.

ತೊಂದರೆ ಕಾಣಿಸುವುದು ಮಿಠಾಯಿ ಭಾರವಾದಾಗ. ಒಂದು ಜೋಡಿಯನ್ನು ಸರಿಪಡಿಸಿದರೆ ಪಕ್ಕದ ಜೋಡಿ ಕೆಡುತ್ತದೆ, ಹಾಗಾಗಿ ಇಡೀ ಸಾಲನ್ನು ಪ್ರತಿ ಫ್ರೇಮಿನಲ್ಲೂ ಹಲವು ಸಲ ತಿದ್ದಬೇಕು. ಮೇಲಿನಿಂದ ಕೆಳಗೆ ತಿದ್ದುತ್ತ ಬಂದರೆ, ಮಿಠಾಯಿಯ ಎಳೆತ ಒಂದು ಸುತ್ತಿಗೆ ಒಂದೇ ತುಂಡಿನಷ್ಟು ಮೇಲೇರುತ್ತದೆ. ಒಂಬತ್ತು ತುಂಡುಗಳ ಹಗ್ಗಕ್ಕೆ ಮೂರೇ ಸುತ್ತು ಕೊಟ್ಟರೆ ಆ ಫ್ರೇಮಿನಲ್ಲಿ ಎಳೆತ ಮೊಳೆಯನ್ನು ಮುಟ್ಟುವುದೇ ಇಲ್ಲ, ಹಗ್ಗ ಜೋತುಬೀಳುತ್ತದೆ. ಪತ್ತೆ ಹಚ್ಚುವುದು ಸುಲಭ: ಮಿಠಾಯಿಯನ್ನು ಅಲುಗಾಡದಂತೆ ತೂಗುಬಿಟ್ಟು ಮೊಳೆಯಿಂದ ಅದರ ದೂರ ಅಳೆದಾಗ 180 ಪಿಕ್ಸೆಲ್ ಮೀರಿದ್ದರೆ, ಅದು ಎಳೆದುಕೊಂಡ ಹಗ್ಗ.

ಸುತ್ತುಗಳನ್ನು ಹೆಚ್ಚಿಸಬಹುದು, ಆದರೆ ಪ್ರೊಸೆಸರಿನ ಕೆಲಸವೂ ಹೆಚ್ಚುತ್ತದೆ. ಇನ್ನೊಂದು ಉಪಾಯವೆಂದರೆ ಮಿಠಾಯಿಗೂ ಮೊಳೆಗೂ ನೇರ ನಿಯಮ ಹಾಕುವುದು: ಇಬ್ಬರ ದೂರ 180 ಪಿಕ್ಸೆಲ್ ಮೀರಿದರೆ ಮಿಠಾಯಿಯನ್ನು ಒಳಕ್ಕೆ ಎಳೆ, ಕಡಿಮೆಯಿದ್ದರೆ ಸುಮ್ಮನಿರು. ಹಗ್ಗ ಕತ್ತರಿಸಿದಾಗ ಈ ನಿಯಮವನ್ನೂ ಮರೆಯದೆ ಅಳಿಸಬೇಕು. ಇಲ್ಲದಿದ್ದರೆ ಕಡಿದ ಮಿಠಾಯಿ ಕಾಣದ ದಾರಕ್ಕೆ ಸಿಕ್ಕಿ ಗಾಳಿಯಲ್ಲೇ ತೂಗುತ್ತದೆ.

ಸರಪಳಿಗೂ ಲೆಕ್ಕ ಇದೇ. ಆದರೆ ಕಬ್ಬಿಣದ ಕೊಂಡಿಗಳ ನಡುವೆ ಚೂರು ಸಂದು ಬಿಟ್ಟರೂ ಕಣ್ಣಿಗೆ ಹೊಡೆಯುವುದರಿಂದ ತಿದ್ದುವ ಸುತ್ತುಗಳು ಹೆಚ್ಚು ಬೇಕು. ಚಿತ್ರದಲ್ಲಿ ಒಂದು ಕೊಂಡಿಯನ್ನು ಎದುರಿನಿಂದ, ಮುಂದಿನದನ್ನು ಪಕ್ಕದಿಂದ ಕಾಣುವಂತೆ ಬರೆಯುತ್ತಾರೆ.

ವೇಗವನ್ನು ಬರೆದಿಡದ್ದಕ್ಕೆ ತೆರಬೇಕಾದ ಬೆಲೆಯೂ ಇದೆ. ಫೋನು ಬಿಸಿಯಾಗಿ ಫ್ರೇಮುಗಳು 60ರಿಂದ 30ಕ್ಕೆ ಇಳಿದರೆ, ಬಿಂದುಗಳು ಹಳೆಯ ಚಿಕ್ಕ ಹೆಜ್ಜೆಯನ್ನೇ ಇಟ್ಟು ಮಿಠಾಯಿ ಅರ್ಧ ವೇಗಕ್ಕೆ ಕುಸಿಯುತ್ತದೆ. ಆದ್ದರಿಂದ ಪರದೆಯ ಗತಿ ಏನೇ ಇರಲಿ, ಲೆಕ್ಕವನ್ನು ಮಾತ್ರ 1/60 ಸೆಕೆಂಡಿನ ಹೆಜ್ಜೆಗಳಲ್ಲೇ ನಡೆಸುತ್ತಾರೆ. 30 ಫ್ರೇಮಿಗೆ ಇಳಿದ ಫೋನಿನಲ್ಲಿ ಒಂದು ಚಿತ್ರಕ್ಕೆ ಎರಡು ಸಲ ಲೆಕ್ಕ ನಡೆಯುತ್ತದೆ. ಆಗ ಮಿಠಾಯಿ ಯಾವ ಫೋನಿನಲ್ಲೂ ಅದೇ ದಾರಿಯಲ್ಲಿ ತೂಗುತ್ತದೆ.