ಕೆಲಸ ಒಪ್ಪಿಸುವ ಇಮೇಲ್: ಯಾವ ನಿರ್ಧಾರ ಯಾರ ಕೈಯಲ್ಲಿ?

ಇಮೇಲ್ ಮೂಲಕ ಒಂದು ಕೆಲಸ ಒಪ್ಪಿಸುವಾಗ ಮೂರು ಸಂಗತಿಗಳು ಬರಹದಲ್ಲಿ ಇರಲೇಬೇಕು. ಕೆಲಸ ಮುಗಿದಾಗ ಏನೇನು ಸಿದ್ಧವಾಗಿರಬೇಕು, ಯಾವ ದಿನ ಎಷ್ಟು ಗಂಟೆಯೊಳಗೆ ಮುಗಿಯಬೇಕು, ಯಾವ ನಿರ್ಧಾರವನ್ನು ಯಾರನ್ನೂ ಕೇಳದೆ ತೆಗೆದುಕೊಳ್ಳಬಹುದು. ಮೊದಲೆರಡನ್ನು ಅರ್ಧಂಬರ್ಧವಾಗಿಯಾದರೂ ಎಲ್ಲರೂ ಬರೆಯುತ್ತಾರೆ. ಬಿಟ್ಟುಹೋಗುವುದು ಮೂರನೆಯದು. ಎದುರಿಗೆ ಕೂತು ಮಾತಾಡುವಾಗ ಕೇಳುವವರ ಮುಖ ನೋಡಿಯೇ ಎಲ್ಲಿ ಗೊಂದಲವಿದೆ ಎಂದು ತಿಳಿಯುತ್ತದೆ. ಇಮೇಲ್‌ನಲ್ಲಿ ಹಾಗೆ ತಿಳಿಯುವ ದಾರಿಯಿಲ್ಲ.

ಕಚೇರಿಗಳಲ್ಲಿ ಹೆಚ್ಚು ಕಾಣುವ ತಪ್ಪೆಂದರೆ ಹತ್ತು ಹದಿನೈದು ಉತ್ತರಗಳಿರುವ ಹಳೆಯ ಇಮೇಲ್ ಸರಣಿಯನ್ನೇ ಫಾರ್ವರ್ಡ್ ಮಾಡಿ, ಮೇಲೆ ‘ಪ್ಲೀಸ್ ಡೂ ದ ನೀಡ್‌ಫುಲ್’ ಎಂದು ಒಂದು ಸಾಲು ಸೇರಿಸುವುದು. ಸರ್ಕಾರಿ ಕಡತಗಳ ‘ಸೂಕ್ತ ಕ್ರಮಕ್ಕಾಗಿ’ ಕೂಡ ಇದೇ ಜಾತಿಯದು. ಸೂಕ್ತ ಕ್ರಮ ಯಾವುದೆಂದು ಪತ್ತೆಹಚ್ಚುವ ಹೊಣೆ ಓದುವವರ ಮೇಲೆ ಬೀಳುತ್ತದೆ. ಅವರ ಊಹೆ ತಪ್ಪಿದರೆ ಅದು ಗೊತ್ತಾಗುವುದು ಗಡುವಿನ ದಿನ.

ಒಂದು ಉದಾಹರಣೆಯನ್ನು ವಿವರವಾಗಿ ನೋಡಬಹುದು. ಬೆಂಗಳೂರಿನ ಒಂದು ಪಂಪ್‌ಸೆಟ್ ಕಂಪನಿ ನವೆಂಬರ್ 28ರಂದು ಹುಬ್ಬಳ್ಳಿಯಲ್ಲಿ ಡೀಲರುಗಳ ಸಭೆ ನಡೆಸಬೇಕಿದೆ ಎಂದುಕೊಳ್ಳೋಣ. ಸಭಾಂಗಣ ಗೊತ್ತುಮಾಡುವ ಕೆಲಸವನ್ನು ಮಾರಾಟ ವಿಭಾಗದ ಮ್ಯಾನೇಜರ್ ತಮ್ಮ ತಂಡದ ಒಬ್ಬರಿಗೆ ಒಪ್ಪಿಸುತ್ತಾರೆ. ‘ಹುಬ್ಬಳ್ಳಿಯಲ್ಲಿ ಒಂದು ಒಳ್ಳೆಯ ಹಾಲ್ ನೋಡಿ, ಬೇಗ ತಿಳಿಸಿ’ ಎಂದು ಬರೆದರೆ, ಓದಿದವರು ಹಾಲ್ ನೋಡಿ ತಿಳಿಸುತ್ತಾರೆ, ಅಷ್ಟೆ. ಬುಕ್ ಮಾಡುವುದು ತಮ್ಮ ಕೆಲಸವೆಂದು ಅವರಿಗೆ ಅನ್ನಿಸುವುದಿಲ್ಲ. ಅದೇ ಕೆಲಸಕ್ಕೆ ಇಮೇಲ್ ಹೀಗಿರಬಹುದು:

‘ವಿಷಯ: ಹುಬ್ಬಳ್ಳಿ ಡೀಲರ್ ಸಭೆ – ಹಾಲ್ ಬುಕಿಂಗ್ ನಿಮ್ಮ ಹೊಣೆ – ನ. 14, ಶುಕ್ರವಾರ ಸಂಜೆ 4ರೊಳಗೆ

ನವೆಂಬರ್ 28ರ ಸಭೆಗೆ ಹಾಲ್ ಮತ್ತು ಮಧ್ಯಾಹ್ನದ ಊಟದ ವ್ಯವಸ್ಥೆ ನೀವು ನೋಡಿಕೊಳ್ಳಬೇಕು. 70 ಜನ ಬರುತ್ತಾರೆ. ದೂರದ ತಾಲ್ಲೂಕುಗಳಿಂದ ಬಸ್ಸಿನಲ್ಲಿ ಬರುವವರೇ ಹೆಚ್ಚು, ಹಾಗಾಗಿ ಬಸ್ ನಿಲ್ದಾಣಕ್ಕೆ ಹತ್ತಿರವಿದ್ದರೆ ಒಳ್ಳೆಯದು. ನ. 14ರ ಸಂಜೆ 4ಕ್ಕೆ ಬುಕಿಂಗ್ ರಸೀದಿ ಮತ್ತು ಊಟದ ಮೆನು ನನ್ನ ಕೈ ಸೇರಬೇಕು. 15ರ ಬೆಳಿಗ್ಗೆ ಆಹ್ವಾನ ಪತ್ರಿಕೆ ಪ್ರೆಸ್ಸಿಗೆ ಹೋಗುತ್ತದೆ. ನ. 10, ಸೋಮವಾರ ಎರಡು ಮೂರು ಹಾಲ್‌ಗಳ ಹೆಸರು, ದರ ಕಳಿಸಿ. ಅದು ಮಾಹಿತಿಗೆ ಮಾತ್ರ, ನನ್ನ ಒಪ್ಪಿಗೆಗೆ ಕಾಯಬೇಡಿ.

ಜಿಎಸ್‌ಟಿ ಸೇರಿ ಒಟ್ಟು ₹1,00,000 ಒಳಗಿದ್ದರೆ ಹಾಲ್, ಮೆನು, ಮೈಕ್ ಎಲ್ಲವೂ ನಿಮ್ಮ ಆಯ್ಕೆ. ಶೇ 25ರವರೆಗೆ ಮುಂಗಡ ಕೊಡಬಹುದು. ಒಟ್ಟು ಇದಕ್ಕಿಂತ ಹೆಚ್ಚಾದರೆ, ದಿನಾಂಕ ಬದಲಿಸಬೇಕಾದರೆ ಅಥವಾ ಮುಂಗಡ ವಾಪಸ್ ಬರುವುದಿಲ್ಲ ಎಂದರೆ ಮೊದಲು ನನ್ನನ್ನು ಕೇಳಿ. ಫೋನಿಗೆ ನಾನು ಎರಡು ಗಂಟೆ ಸಿಗದೆ, ಹಾಲ್ ಕೈತಪ್ಪುವ ಹಾಗಿದ್ದರೆ, ₹10,000 ಹೆಚ್ಚಾದರೂ ಬುಕ್ ಮಾಡಿ, ಆಮೇಲೆ ತಿಳಿಸಿ.’

ಇಲ್ಲಿ ಕೆಲಸ ಮುಗಿದದ್ದಕ್ಕೆ ಗುರುತು ಕಣ್ಣಿಗೆ ಕಾಣುವ ವಸ್ತು: ರಸೀದಿ ಮತ್ತು ಮೆನು. ‘ಮಾತಾಡಿದ್ದೇನೆ, ಆಗುತ್ತದೆ ಅಂದರು’ ಎಂಬ ಉತ್ತರಕ್ಕೆ ಜಾಗವಿಲ್ಲ. ಬಸ್ಸಿನಲ್ಲಿ ಬರುವವರ ಮಾತು ಹೆಚ್ಚುವರಿ ವಿವರದಂತೆ ಕಂಡರೂ ಆಯ್ಕೆಗೆ ದಾರಿ ತೋರಿಸುವುದು ಅದೇ. ಊರ ಹೊರಗಿನ ಅಗ್ಗದ ರೆಸಾರ್ಟ್ ಯಾಕೆ ಬೇಡ ಎಂದು ಬೇರೆಯಾಗಿ ಹೇಳಬೇಕಾಗಿಲ್ಲ.

ಗಡುವಿಗೆ ವಾರ, ದಿನಾಂಕ, ಗಂಟೆ ಮೂರೂ ಇವೆ. ಸೋಮವಾರ ಬರೆದ ಇಮೇಲ್‌ನಲ್ಲಿ ‘ಮುಂದಿನ ಶುಕ್ರವಾರ’ ಎಂದಿದ್ದರೆ ಕೆಲವರಿಗೆ ಅದು ನಾಲ್ಕು ದಿನ, ಕೆಲವರಿಗೆ ಹನ್ನೊಂದು ದಿನ. 05/06 ಎಂದು ಬರೆದ ದಿನಾಂಕವನ್ನು ಅಮೆರಿಕದಲ್ಲಿರುವ ಸಹೋದ್ಯೋಗಿ ಮೇ 6 ಎಂದೇ ಓದುತ್ತಾರೆ. ಗಡುವಿನ ಜೊತೆ ಅದರ ಕಾರಣವನ್ನೂ ಹೇಳುವುದು ಇನ್ನೂ ಮುಖ್ಯ. ಪ್ರೆಸ್ಸಿನ ವಿಷಯ ಗೊತ್ತಿರುವವರು, ಮೆನು ಒಂದು ದಿನ ತಡವಾದರೂ ನಡೆಯುತ್ತದೆ, ಹಾಲ್‌ನ ಹೆಸರು ಮಾತ್ರ ತಡವಾಗಬಾರದು ಎಂದು ತಾವೇ ತೂಗಿ ನೋಡಬಲ್ಲರು. ತುಳಸಿ ಹಬ್ಬ ಕಳೆದ ಮೇಲೆ ಮದುವೆಗಳು ಶುರುವಾಗುವ ಕಾಲವಿದು. ಹಾಲ್‌ಗಳು ಬೇಗ ತುಂಬುತ್ತವೆ. ಸೋಮವಾರದ ಮಾಹಿತಿ ಬೇಕಾಗಿರುವುದು ಅದಕ್ಕೆ: ಏನಾದರೂ ಎಡವಟ್ಟಾಗಿದ್ದರೆ ಸರಿಪಡಿಸಲು ಇನ್ನೂ ನಾಲ್ಕು ದಿನ ಉಳಿದಿರುತ್ತವೆ.

ಕೊನೆಯ ಭಾಗವೇ ಈ ಇಮೇಲ್‌ನ ಜೀವಾಳ. ನಿರ್ಧಾರದ ಮಿತಿಯನ್ನು ‘ನಿಮ್ಮ ವಿವೇಚನೆಗೆ ಬಿಟ್ಟಿದ್ದು’ ಎಂದು ಬರೆದರೆ ಅದು ಮಿತಿಯೇ ಅಲ್ಲ. ಅಂಜುವ ಸ್ವಭಾವದವರು ಪ್ರತಿಯೊಂದನ್ನೂ ಕೇಳುತ್ತಾರೆ, ಧೈರ್ಯಸ್ಥರು ಏನನ್ನೂ ಕೇಳುವುದಿಲ್ಲ. ಮಿತಿಗೆ ಅಂಕಿ ಬೇಕು. ಅಂಕಿಯಲ್ಲಿ ಏನೇನು ಸೇರಿದೆ ಎಂಬುದೂ ಬೇಕು. ಹಾಲ್‌ನವರು ಎಲ್ಲ ಸೇರಿ ₹92,000 ಎಂದು ಹೇಳಿ, ಅದರ ಮೇಲೆ ಶೇ 18 ಜಿಎಸ್‌ಟಿ ಹಾಕಿದರೆ ಬಿಲ್ ₹1,08,560 ಆಗುತ್ತದೆ. ‘ಜಿಎಸ್‌ಟಿ ಸೇರಿ’ ಎಂಬ ಎರಡು ಪದ ಇಲ್ಲದಿದ್ದರೆ, ಒಂದು ಲಕ್ಷದೊಳಗೇ ಇದ್ದೇನೆ ಎಂದು ನಂಬಿಕೊಂಡೇ ಒಬ್ಬ ಪ್ರಾಮಾಣಿಕ ನೌಕರ ಮಿತಿ ದಾಟಿರುತ್ತಾನೆ.

ವಿಲಿಯಂ ಆಂಕನ್ ಮತ್ತು ಡೊನಾಲ್ಡ್ ವಾಸ್ 1974ರಲ್ಲಿ ‘ಹಾರ್ವರ್ಡ್ ಬಿಸಿನೆಸ್ ರಿವ್ಯೂ’ನಲ್ಲಿ ಬರೆದ ಲೇಖನವೊಂದು ಕೈಕೆಳಗಿನವರು ವಹಿಸಬಹುದಾದ ಸ್ವಾತಂತ್ರ್ಯವನ್ನು ಐದು ಮೆಟ್ಟಿಲಾಗಿ ವಿಂಗಡಿಸಿತು. ಹೇಳುವವರೆಗೆ ಕಾಯುವುದು, ಏನು ಮಾಡಲಿ ಎಂದು ಕೇಳುವುದು, ಸಲಹೆ ಕೊಟ್ಟು ಒಪ್ಪಿಗೆ ಬಂದಂತೆ ಮಾಡುವುದು, ಮಾಡಿ ತಕ್ಷಣ ತಿಳಿಸುವುದು, ಮಾಡಿ ವಾಡಿಕೆಯ ವರದಿಯಲ್ಲಿ ಹೇಳುವುದು. ಮೊದಲೆರಡಕ್ಕೆ ಅವಕಾಶವನ್ನೇ ಕೊಡಬಾರದು ಎಂಬುದು ಆ ಲೇಖಕರ ವಾದ. ಇಡೀ ಕೆಲಸಕ್ಕೆ ಒಂದೇ ಮೆಟ್ಟಿಲು ಇರಬೇಕಿಲ್ಲ. ಮೇಲಿನ ಇಮೇಲ್‌ನಲ್ಲಿ ಮೆನು ಐದನೆಯ ಮೆಟ್ಟಿಲಲ್ಲಿದೆ, ದಿನಾಂಕ ಬದಲಾವಣೆ ಮೂರನೆಯದರಲ್ಲಿ, ಫೋನ್ ಸಿಗದ ಹೊತ್ತಿನ ಹತ್ತು ಸಾವಿರ ನಾಲ್ಕನೆಯದರಲ್ಲಿ. ಮೇಲಿನವರು ಸಿಗದಿದ್ದಾಗ ಏನು ಮಾಡಬೇಕೆಂದು ಹೇಳುವ ಆ ಒಂದು ವಾಕ್ಯವನ್ನು ಬರೆಯುವವರು ವಿರಳ, ಕೆಲಸ ನಿಂತುಹೋಗುವುದು ಹೆಚ್ಚಾಗಿ ಅಲ್ಲೇ.

ವಿಳಾಸದ ಸಾಲಿಗೂ ಇಷ್ಟೇ ಗಮನ ಬೇಕು. To ಎಂಬಲ್ಲಿ ಹೊಣೆ ಹೊತ್ತ ಒಬ್ಬರ ಹೆಸರು ಮಾತ್ರ ಇರಬೇಕು. ಇಬ್ಬರಿದ್ದರೆ ಇನ್ನೊಬ್ಬರು ನೋಡಿಕೊಳ್ಳುತ್ತಾರೆಂದು ಇಬ್ಬರೂ ಸುಮ್ಮನಾಗುತ್ತಾರೆ. Cc ಜಾಗದಲ್ಲಿ ಲೆಕ್ಕಪತ್ರ ವಿಭಾಗದವರು ಇರಲೇಬೇಕು, ಇಲ್ಲದಿದ್ದರೆ ಮುಂಗಡ ಕೇಳಲು ಹೋದವರನ್ನು ‘ಯಾರ ಅಪ್ರೂವಲ್?’ ಎಂದು ವಾಪಸ್ ಕಳಿಸುತ್ತಾರೆ. ಕೊಟ್ಟ ಅಧಿಕಾರ ಕಾಗದದ ಮೇಲೆ ಮಾತ್ರ ಉಳಿಯುತ್ತದೆ.

ಉತ್ತರವಾಗಿ ‘ಓಕೆ ಸರ್’ ಅಥವಾ ‘ನೋಟೆಡ್ ಮೇಡಂ’ ಬಂದರೆ ಇಮೇಲ್ ತಲುಪಿದೆ ಎಂದಷ್ಟೇ ಅರ್ಥ. ಯಾವ ದಿನ ಏನು ಕಳಿಸುತ್ತೇನೆ, ಎಷ್ಟರವರೆಗೆ ನಾನೇ ನಿರ್ಧರಿಸುತ್ತೇನೆ ಎಂದು ಅವರದೇ ಮಾತಿನಲ್ಲಿ ಎರಡು ಸಾಲು ಕೇಳಿ ಪಡೆಯುವುದು ಲೇಸು. ‘ಒಂದು ಲಕ್ಷದೊಳಗೆ ಹಾಲ್ ನೋಡಿ ತಮ್ಮ ಗಮನಕ್ಕೆ ತರುತ್ತೇನೆ’ ಎಂಬ ಉತ್ತರ ಬಂದರೆ, ಮೊತ್ತ ಅರ್ಥವಾಗಿದೆ, ಅಧಿಕಾರ ಅರ್ಥವಾಗಿಲ್ಲ ಎಂದು ಆಗಲೇ ಗೊತ್ತಾಗುತ್ತದೆ. ಮೊದಲ ಎರಡು ದಿನ ಮಿತಿಯೊಳಗಿನ ಸಂಗತಿಗಳಿಗೇ ಪ್ರಶ್ನೆ ಬರುತ್ತಿದ್ದರೂ ಅದೇ ಸೂಚನೆ. ಆಗ ಉತ್ತರವನ್ನು ತಾವೇ ಕೊಟ್ಟುಬಿಟ್ಟರೆ ನಿರ್ಧಾರ ಮತ್ತೆ ಮ್ಯಾನೇಜರ್ ಕೈಗೆ ಮರಳುತ್ತದೆ. ‘ಇದು ನಿಮ್ಮ ಮಿತಿಯೊಳಗಿದೆ, ನೀವೇ ನಿರ್ಧರಿಸಿ’ ಎಂದು ಬರೆಯಬೇಕು.

ಮಧ್ಯದಲ್ಲಿ ಮಿತಿ ಬದಲಾದರೆ, ಉದಾಹರಣೆಗೆ ಡೀಲರುಗಳ ಸಂಖ್ಯೆ 90ಕ್ಕೆ ಏರಿದರೆ, ಅದನ್ನು ಫೋನಿನಲ್ಲಿ ಹೇಳಿ ಬಿಡಬಾರದು. ಅದೇ ಸರಣಿಯಲ್ಲಿ ಹೊಸ ಸಂಖ್ಯೆ, ಹೊಸ ಮೊತ್ತ ಬರೆದು, ಹಳೆಯದು ರದ್ದಾಗಿದೆ ಎಂದು ಲೆಕ್ಕಪತ್ರ ವಿಭಾಗಕ್ಕೂ ಕಾಣುವಂತೆ ಕಳಿಸಬೇಕು.