ಏಳು–ಮೂರರ ಗೆಲುವು ಎಷ್ಟು ಗಟ್ಟಿ?

ಆನ್‌ಲೈನ್‌ನಲ್ಲಿ ಕಾಫಿ ಪುಡಿ ಮಾರುವ ವ್ಯಾಪಾರಿಯೊಬ್ಬರು ಎರಡು ಜಾಹೀರಾತು ಮಾಡಿಸಿದ್ದಾರೆ ಎಂದುಕೊಳ್ಳಿ. ಒಂದರಲ್ಲಿ ರಿಯಾಯಿತಿ ದರ ಎದ್ದು ಕಾಣುತ್ತದೆ, ಇನ್ನೊಂದರಲ್ಲಿ ಕಾಫಿ ತೋಟದ ಚಿತ್ರವಿದೆ. ಎರಡನ್ನೂ ಸಮ ಸಂಖ್ಯೆಯ ಜನರಿಗೆ ತೋರಿಸಲಾಗುತ್ತಿದೆ. ಯಾರಿಗೆ ಯಾವುದು ಎಂಬುದು ಕೇವಲ ಆಕಸ್ಮಿಕ. ಮೊದಲ ವಾರ ಹತ್ತು ಆರ್ಡರ್ ಬಂದವು. ತೋಟದ ಚಿತ್ರಕ್ಕೆ ಏಳು, ದರಕ್ಕೆ ಮೂರು. ದುಪ್ಪಟ್ಟಿಗಿಂತ ಹೆಚ್ಚು! ದರದ ಜಾಹೀರಾತನ್ನು ನಿಲ್ಲಿಸಿ ಹಣವನ್ನೆಲ್ಲ ತೋಟದ ಚಿತ್ರಕ್ಕೆ ಸುರಿಯೋಣ ಎಂದು ಯಾರಿಗಾದರೂ ಅನ್ನಿಸುತ್ತದೆ.

ಸಂಖ್ಯಾಶಾಸ್ತ್ರ ಬಲ್ಲವರು ಇಲ್ಲಿ ಮೊದಲು ತಿರುಗುಮುರುಗಾದ ಪ್ರಶ್ನೆ ಕೇಳುತ್ತಾರೆ. ಎರಡು ಜಾಹೀರಾತುಗಳಲ್ಲಿ ವ್ಯತ್ಯಾಸವೇ ಇಲ್ಲದಿದ್ದರೂ ಇಂಥ ಫಲಿತಾಂಶ ಬರಬಹುದಿತ್ತೇ? ವ್ಯತ್ಯಾಸ ಇಲ್ಲವೆಂದರೆ ಪ್ರತಿ ಆರ್ಡರೂ ನಾಣ್ಯ ಚಿಮ್ಮಿದ ಹಾಗೆ, ಅತ್ತ ಬೀಳಲೂ ಇತ್ತ ಬೀಳಲೂ ಸಮ ಅವಕಾಶ. ನಾಣ್ಯವನ್ನು ಹತ್ತು ಸಲ ಚಿಮ್ಮಿದರೆ ಒಟ್ಟು 1,024 ಬಗೆಯ ಸರಣಿಗಳು ಬರಬಹುದು. ಅವುಗಳಲ್ಲಿ ಒಂದು ಮುಖ ಏಳು ಅಥವಾ ಅದಕ್ಕಿಂತ ಹೆಚ್ಚು ಸಲ ಬೀಳುವವು 176, ಇನ್ನೊಂದು ಮುಖಕ್ಕೂ ಅಷ್ಟೇ. ಒಟ್ಟು 352, ಅಂದರೆ ನೂರಕ್ಕೆ 34. ಒಂದೇ ಜಾಹೀರಾತನ್ನು ಎರಡು ಹೆಸರಿನಲ್ಲಿ ಹಾಕಿದ್ದರೂ ಮೂರರಲ್ಲಿ ಒಂದು ಸಲ ಏಳು–ಮೂರು ಅಥವಾ ಅದಕ್ಕೂ ದೊಡ್ಡ ಅಂತರ ಕಾಣುತ್ತಿತ್ತು.

ಎಂಟು–ಎರಡಾಗಿದ್ದರೆ? ಅಷ್ಟು ಅಥವಾ ಅದಕ್ಕಿಂತ ಹೆಚ್ಚಿನ ಅಂತರಕ್ಕೆ ನೂರಕ್ಕೆ 11ರ ಸಾಧ್ಯತೆ. ಒಂಬತ್ತು–ಒಂದಕ್ಕೆ ಬಂದರೆ 22 ಸರಣಿಗಳಷ್ಟೇ ಉಳಿಯುತ್ತವೆ, ನೂರಕ್ಕೆ ಸುಮಾರು 2. ಬರೀ ಆಕಸ್ಮಿಕದಿಂದ ಹೀಗಾಗುವ ಸಾಧ್ಯತೆ ನೂರಕ್ಕೆ 5ಕ್ಕಿಂತ ಕಡಿಮೆಯಿದ್ದರೆ ಫಲಿತಾಂಶಕ್ಕೆ ‘ಸ್ಟ್ಯಾಟಿಸ್ಟಿಕಲ್ ಸಿಗ್ನಿಫಿಕೆನ್ಸ್’ ಇದೆ ಎನ್ನುವುದು ರೂಢಿ. ಈ ಐದರ ಗೆರೆ ಪ್ರಕೃತಿ ಎಳೆದದ್ದಲ್ಲ. ಬ್ರಿಟನ್ನಿನ ರೊನಾಲ್ಡ್ ಫಿಷರ್ 1925ರ ತಮ್ಮ ಪುಸ್ತಕದಲ್ಲಿ ಅನುಕೂಲಕ್ಕೆಂದು ಬಳಸಿದರು, ಅದೇ ನಿಂತುಬಿಟ್ಟಿತು. ಹತ್ತೇ ಆರ್ಡರ್‌ಗಳಿದ್ದಾಗ ಒಂಬತ್ತು–ಒಂದಕ್ಕಿಂತ ಕಡಿಮೆ ಯಾವುದೂ ಆ ಗೆರೆ ದಾಟುವುದಿಲ್ಲ. ದಾಟಿದರೂ ‘ಈ ಜಾಹೀರಾತು ಉತ್ತಮವಾಗಿರುವ ಸಾಧ್ಯತೆ ನೂರಕ್ಕೆ 95’ ಎಂದು ಓದಬಾರದು. ವ್ಯತ್ಯಾಸವಿಲ್ಲ ಎಂದುಕೊಂಡರೆ ಇಂಥದ್ದು ಅಪರೂಪ ಎಂಬುದಷ್ಟೇ ಅದರ ಮಾತು.

ಸಂಖ್ಯೆ ಬೆಳೆದ ಹಾಗೆ ಚಿತ್ರ ಬದಲಾಗುತ್ತದೆ. ನೂರು ಆರ್ಡರ್‌ಗಳಲ್ಲಿ 61–39 ಬಂದರೆ ಸಾಕು, ಗೆರೆ ದಾಟುತ್ತದೆ. ಅದೇ ಏಳು–ಮೂರರ ಪ್ರಮಾಣ ನೂರರಲ್ಲಿ 70–30 ಆಗಿ ಬಂದರೆ, ವ್ಯತ್ಯಾಸವೇ ಇಲ್ಲದಿದ್ದಾಗ ಬರೀ ಆಕಸ್ಮಿಕದಿಂದ ಅಷ್ಟು ಅಥವಾ ಅದಕ್ಕೂ ದೊಡ್ಡ ಅಂತರ ಬೀಳುವ ಸಾಧ್ಯತೆ ಹತ್ತು ಸಾವಿರದಲ್ಲಿ ಒಂದಕ್ಕಿಂತ ಕಡಿಮೆ.

ಬರಾಕ್ ಒಬಾಮ ಅವರ 2008ರ ಚುನಾವಣಾ ಪ್ರಚಾರದಲ್ಲಿ ನಡೆದ ಪರೀಕ್ಷೆ ಇದಕ್ಕೆ ಒಳ್ಳೆಯ ಉದಾಹರಣೆ. ವೆಬ್‌ಸೈಟಿಗೆ ಬಂದವರು ಇಮೇಲ್ ವಿಳಾಸ ಕೊಡುವಂತೆ ಮಾಡಬೇಕಿತ್ತು. ಡ್ಯಾನ್ ಸಿರೋಕರ್ ಅವರ ತಂಡ ನಾಲ್ಕು ಬಟನ್, ಆರು ಚಿತ್ರ–ವಿಡಿಯೊಗಳನ್ನು ಜೋಡಿಸಿ 24 ಪುಟಗಳನ್ನು ಮಾಡಿ 3,10,382 ಜನರಿಗೆ ಹಂಚಿ ತೋರಿಸಿತು. ಪ್ರಚಾರ ತಂಡದವರ ಒಲವು ವಿಡಿಯೊ ಕಡೆಗಿತ್ತು. ಆದರೆ ಚಿತ್ರಗಳೇ ಮುಂದೆ ಬಂದವು. ಮೂಲ ಪುಟದಲ್ಲಿ ನೋಂದಾಯಿಸಿದವರು ನೂರಕ್ಕೆ 8.26, ಒಬಾಮ ಕುಟುಂಬದ ಚಿತ್ರವಿದ್ದ ಪುಟದಲ್ಲಿ 11.6. ಪುಟವೊಂದಕ್ಕೆ ಸುಮಾರು 13,000 ಜನ ಎಂದರೆ ಒಂದಕ್ಕೆ 1,070ರಷ್ಟು, ಇನ್ನೊಂದಕ್ಕೆ 1,500ರಷ್ಟು ನೋಂದಣಿ. ಅಷ್ಟು ನಾಣ್ಯ ಚಿಮ್ಮಿದರೆ ಎರಡು ಮುಖಗಳ ನಡುವೆ ಸಾಮಾನ್ಯವಾಗಿ 50ರಷ್ಟು ಅಂತರ ಬೀಳುತ್ತದೆ. ಇಲ್ಲಿ ಬಿದ್ದದ್ದು 430.

ಸಿರೋಕರ್ ಮುಂದೆ ಇಂಥ ಪರೀಕ್ಷೆಗಳನ್ನು ಯಾರು ಬೇಕಾದರೂ ನಡೆಸಲು ನೆರವಾಗುವ ಆಪ್ಟಿಮೈಜ್ಲಿ ಎಂಬ ಕಂಪನಿ ಕಟ್ಟಿದರು. ಅಲ್ಲಿಂದ ಹೊಸ ತೊಡಕು ಶುರುವಾಯಿತು. ಫಲಿತಾಂಶ ಈಗ ಪರದೆಯ ಮೇಲೆ ಕ್ಷಣಕ್ಷಣವೂ ಕಾಣುತ್ತದೆ. ದಿನಾ ಬೆಳಿಗ್ಗೆ ಇಣುಕಿ, ಗೆರೆ ದಾಟಿದ ಕೂಡಲೇ ‘ಗೆದ್ದಿತು’ ಎಂದು ನಿಲ್ಲಿಸುವುದು ಅಭ್ಯಾಸವಾಯಿತು. ಇದರಲ್ಲಿ ತಪ್ಪೇನು ಎಂಬುದು ಅಷ್ಟು ಸುಲಭವಾಗಿ ಕಾಣುವುದಿಲ್ಲ. ಅದಕ್ಕೆ ಮತ್ತೆ ಆ 1,024 ಸರಣಿಗಳಿಗೇ ಹೋಗಬೇಕು.

ವ್ಯಾಪಾರಿ ಹತ್ತು ಆರ್ಡರ್ ಬರುವವರೆಗೆ ಕಾದು ಒಮ್ಮೆ ಮಾತ್ರ ನೋಡಿದರೆ, ವ್ಯತ್ಯಾಸವಿಲ್ಲದಿದ್ದಾಗ ಮೋಸಹೋಗುವುದು 22 ಸರಣಿಗಳಲ್ಲಿ. ಈಗ ಅವರು ಆರನೇ ಆರ್ಡರ್ ಆದಾಗಲೂ ಒಮ್ಮೆ ಇಣುಕುತ್ತಾರೆ, ಆರು–ಸೊನ್ನೆ ಇದ್ದರೆ ಅಲ್ಲೇ ನಿಲ್ಲಿಸುತ್ತಾರೆ ಎನ್ನೋಣ. ಆರಕ್ಕೆ ಆರೂ ಒಂದೇ ಕಡೆ ಬೀಳುವ ಸಾಧ್ಯತೆ 64ರಲ್ಲಿ 2, ನೂರಕ್ಕೆ ಸುಮಾರು 3; ಅದೂ ಗೆರೆಯ ಒಳಗೇ ಇದೆ. 1,024ರ ಲೆಕ್ಕದಲ್ಲಿ ಅಂಥ ಸರಣಿಗಳು 32. ಇವುಗಳಲ್ಲಿ ಹೆಚ್ಚಿನವು ಕೊನೆಯ ನಾಲ್ಕು ಆರ್ಡರ್‌ಗಳಲ್ಲಿ ಏಳು–ಮೂರಕ್ಕೋ ಎಂಟು–ಎರಡಕ್ಕೋ ಇಳಿದು ತಾವಾಗಿಯೇ ಗೆರೆಯಿಂದ ಈಚೆ ಬರುತ್ತಿದ್ದವು. ಮೊದಲೇ ನಿಲ್ಲಿಸಿದ್ದರಿಂದ ಆ ಅವಕಾಶ ತಪ್ಪಿತು. ಆರರಲ್ಲಿ ನಿಲ್ಲದೆ ಹತ್ತರಲ್ಲಿ ಒಂಬತ್ತು–ಒಂದು ಆಗುವ ಸರಣಿಗಳು ಇನ್ನೂ 12 ಇವೆ. ಒಟ್ಟು 44. ಒಂದೇ ಒಂದು ಸಲ ಹೆಚ್ಚಿಗೆ ಇಣುಕಿದ್ದಕ್ಕೆ ತಪ್ಪು ಸರಿಯಾಗಿ ಎರಡು ಪಟ್ಟಾಯಿತು.

ದೊಡ್ಡ ಪರೀಕ್ಷೆಗಳಲ್ಲಿ ಇದು ಎಲ್ಲಿಗೆ ಮುಟ್ಟುತ್ತದೆ ಎಂಬುದನ್ನು ಪೀಟರ್ ಆರ್ಮಿಟೇಜ್ ಮತ್ತು ಸಂಗಡಿಗರು 1969ರಲ್ಲೇ ಲೆಕ್ಕ ಹಾಕಿ ತೋರಿಸಿದ್ದರು. ಅವರ ಮುಂದಿದ್ದದ್ದು ಔಷಧ ಪರೀಕ್ಷೆಗಳು, ಗಣಿತ ಅದೇ. ಸಮ ಅಂತರದಲ್ಲಿ ಐದು ಸಲ ನೋಡಿದರೆ ನೂರಕ್ಕೆ 5 ಇದ್ದ ತಪ್ಪು 14 ಆಗುತ್ತದೆ. ಹತ್ತು ಸಲಕ್ಕೆ 19, ಇಪ್ಪತ್ತಕ್ಕೆ 25. ಕೊನೆಯಿಲ್ಲದೆ ನೋಡುತ್ತ ಹೋದರೆ ಯಾವ ವ್ಯತ್ಯಾಸವೂ ಇಲ್ಲದ ಜೋಡಿಯೂ ಒಂದಲ್ಲ ಒಂದು ದಿನ ಗೆರೆ ದಾಟಿಯೇ ತೀರುತ್ತದೆ.

ನಿಜವಾಗಿ ವ್ಯತ್ಯಾಸ ಇದ್ದಾಗಲೂ ಅವಸರ ಕೆಡಿಸುತ್ತದೆ, ಇದನ್ನು ಬಹಳ ಮಂದಿ ಗಮನಿಸುವುದಿಲ್ಲ. ತೋಟದ ಚಿತ್ರಕ್ಕೆ ನೂರರಲ್ಲಿ 55, ದರಕ್ಕೆ 45 ಆರ್ಡರ್ ಬರುವುದು ದಿಟವೆನ್ನೋಣ. ಇಂಥ ಸಾವಿರ ಪರೀಕ್ಷೆಗಳಲ್ಲಿ ಆರು–ಸೊನ್ನೆ ಕಂಡು ನಿಲ್ಲುವವು ಸುಮಾರು 36. ಅವುಗಳಲ್ಲಿ 28 ತೋಟದ ಕಡೆ, 8 ದರದ ಕಡೆ. ಹಾಗೆ ನಿಂತ ಪರೀಕ್ಷೆಗಳಲ್ಲಿ ಹೆಚ್ಚುಕಡಿಮೆ ಕಾಲು ಭಾಗ ಸೋಲಬೇಕಾದ ಜಾಹೀರಾತನ್ನೇ ಗೆಲ್ಲಿಸುತ್ತವೆ. ಸರಿಯಾದ ಕಡೆ ನಿಂತವೂ ಪುಟ್ಟ ಅಂತರವನ್ನು ಏಕಪಕ್ಷೀಯ ಗೆಲುವಿನಂತೆ ತೋರಿಸುತ್ತವೆ. ಆಮೇಲೆ ಮಾರಾಟ ಅಷ್ಟು ಏರದಿದ್ದಾಗ ಜಾಹೀರಾತು ಜನರಿಗೆ ಹಳಸಿತು ಎಂದು ವಿವರಣೆ ಹುಡುಕಲಾಗುತ್ತದೆ.

ನಡುವೆ ನೋಡಲೇಬಾರದೆಂದಲ್ಲ, ನೋಡುವುದಕ್ಕೆ ಬೆಲೆ ಕಟ್ಟಬೇಕು. ಐದು ಸಲ ನೋಡುವುದೆಂದು ಮೊದಲೇ ನಿಶ್ಚಯಿಸಿಕೊಂಡರೆ ಪ್ರತಿ ಸಲವೂ ಗೆರೆಯನ್ನು ನೂರಕ್ಕೆ 5ರ ಬದಲು 1.6ರ ಹತ್ತಿರ ಎಳೆಯಬೇಕೆಂದು ಸ್ಟುವರ್ಟ್ ಪೊಕಾಕ್ 1977ರಲ್ಲಿ ತೋರಿಸಿದರು. ಅದಕ್ಕೂ ಹಿಂದೆ, ಎರಡನೇ ಮಹಾಯುದ್ಧದ ಕಾಲದಲ್ಲಿ, ಪ್ರತಿ ಹೆಜ್ಜೆಗೂ ನೋಡುತ್ತ ತೀರ್ಮಾನಿಸುವ ವಿಧಾನವನ್ನು ಅಬ್ರಹಾಂ ವಾಲ್ಡ್ ಕಟ್ಟಿದ್ದರು. ಭಾರತದಲ್ಲಿ ಉಪನ್ಯಾಸ ಪ್ರವಾಸದಲ್ಲಿದ್ದಾಗಲೇ, 1950ರ ಡಿಸೆಂಬರ್‌ನಲ್ಲಿ, ನೀಲಗಿರಿಯಲ್ಲಿ ನಡೆದ ವಿಮಾನ ಅಪಘಾತದಲ್ಲಿ ಅವರು ತೀರಿಕೊಂಡರು. 2015ರಲ್ಲಿ ಆಪ್ಟಿಮೈಜ್ಲಿ ಸ್ಟ್ಯಾನ್‌ಫರ್ಡ್‌ನ ರಮೇಶ್ ಜೋಹರಿ ಮೊದಲಾದವರ ನೆರವಿನಿಂದ ತನ್ನ ಲೆಕ್ಕಾಚಾರವನ್ನು ಬದಲಿಸಿದ್ದು ವಾಲ್ಡ್ ಅವರ ದಾರಿ ಹಿಡಿದೇ.

ಸಣ್ಣ ವ್ಯಾಪಾರಿಗೆ ಸರಳ ಮಾರ್ಗವೆಂದರೆ ಎಷ್ಟು ಆರ್ಡರ್ ಆದ ಮೇಲೆ ನೋಡಬೇಕೆಂದು ಮೊದಲೇ ಬರೆದಿಟ್ಟುಕೊಳ್ಳುವುದು. ಫೇಸ್‌ಬುಕ್, ಗೂಗಲ್‌ಗಳಲ್ಲಿ ಪರೀಕ್ಷೆಗೆಂದೇ ಇರುವ ಸೌಲಭ್ಯವನ್ನು ಬಳಸಬೇಕು. ಸುಮ್ಮನೆ ಎರಡು ಜಾಹೀರಾತು ಒಟ್ಟಿಗೆ ಹಾಕಿದರೆ ಮೊದಲು ಮುಂದೆ ಬಂದದ್ದನ್ನೇ ಅವು ಹೆಚ್ಚು ಜನರಿಗೆ ತೋರಿಸಬಹುದು, ಆಗ ಸಮ ಅವಕಾಶದ ಲೆಕ್ಕವೇ ತಪ್ಪುತ್ತದೆ. ಇನ್ನು ಎಷ್ಟು ಆರ್ಡರ್ ಬೇಕು ಎಂಬ ಪ್ರಶ್ನೆ. 55–45ರಂಥ ಅಂತರವಿದ್ದರೆ ಐದರಲ್ಲಿ ನಾಲ್ಕು ಸಲವಾದರೂ ಅದನ್ನು ಹಿಡಿಯಲು ಸುಮಾರು 780 ಆರ್ಡರ್ ಬೇಕು. ವಾರಕ್ಕೆ ಹತ್ತರಂತೆ ಬಂದರೆ ಒಂದೂವರೆ ವರ್ಷ. ಅಂತರ 70–30ರಷ್ಟಿದ್ದರೆ 50ರ ಆಸುಪಾಸು ಸಾಕು, ಐದು ವಾರ. ಹಾಗಾಗಿ ವಾರಕ್ಕೆ ಹತ್ತು ಆರ್ಡರ್ ಇರುವವರು ಬಟನ್‌ನ ಬಣ್ಣ, ಶೀರ್ಷಿಕೆಯ ಒಂದು ಪದ ಇವನ್ನೆಲ್ಲ ಪರೀಕ್ಷೆಗೆ ಹಚ್ಚುವುದಕ್ಕಿಂತ, ಕಾಲು ಕಿಲೋ ಪೊಟ್ಟಣ ಮಾರಬೇಕೋ ಮಾದರಿಗೆಂದು 50 ಗ್ರಾಂ ಮಾರಬೇಕೋ ಎಂಬಂಥ ದೊಡ್ಡ ವ್ಯತ್ಯಾಸಗಳನ್ನೇ ಎದುರುಬದುರು ನಿಲ್ಲಿಸುವುದು ಮೇಲು.