ಅಪಾಯ ಪಟ್ಟಿಯ ಅಂಕ ಮತ್ತು ಹೊಣೆ

ಮನೂರು, ಜಹೀರಾಬಾದ್, ನಾರಾಯಣಖೇಡ ಹಾಗೂ ತಾಂಡೂರು ಭಾಗದ ಕನ್ನಡ ಹಾಡುಗಳನ್ನು ಧ್ವನಿಮುದ್ರಿಸುವ ಯೋಜನೆಯೊಂದನ್ನು ಊಹಿಸೋಣ. ಅದರ ಅಪಾಯ ಪಟ್ಟಿಯಲ್ಲಿ ಪ್ರತಿ ತೊಡಕಿನ ಸಂಭವನೀಯತೆಗೂ ಪರಿಣಾಮಕ್ಕೂ 1ರಿಂದ 5ರವರೆಗೆ ಅಂಕವಿತ್ತು, ಅವೆರಡನ್ನೂ ಗುಣಿಸಲಾಗುತ್ತದೆ.

ಮಳೆಯಿಂದ ಕ್ಷೇತ್ರಕಾರ್ಯ ನಿಲ್ಲುವುದಕ್ಕೆ 5×2, ಅಂದರೆ 10. ಮುದ್ರಣದ ಏಕೈಕ ಪ್ರತಿ ಕೆಡುವುದಕ್ಕೆ 2×5, ಅದೂ 10. ಮೊದಲನೆಯದರಲ್ಲಿ ಹೋಗುವುದು ಕೆಲವು ವಾರ, ಎರಡನೆಯದರಲ್ಲಿ ಹಾಡೇ. ಆದುದರಿಂದ ಪರಿಣಾಮ 5 ಇರುವ ಸಾಲುಗಳನ್ನು, ಗುಣಲಬ್ಧ ಎಷ್ಟೇ ಇರಲಿ, ಪ್ರತ್ಯೇಕವಾಗಿ ಪರಿಶೀಲಿಸಬೇಕು.

ಪರಿಹಾರವು ಯಾವ ಅಂಕವನ್ನು ಇಳಿಸುತ್ತದೆಂಬುದನ್ನೂ ಬರೆಯಬೇಕು. ವಯೋವೃದ್ಧ ಹಾಡುಗಾರ್ತಿಯ ಅಗಲಿಕೆಯ ಸಂಭವನೀಯತೆ 4 ಎಂದಾದರೆ ಯಾವ ಕ್ರಮವೂ ಅದನ್ನು ತಗ್ಗಿಸದು. ಆಕೆಯ ಹಾಡುಗಳನ್ನು ಮೊದಲ ತಿಂಗಳಲ್ಲೇ ಮುದ್ರಿಸಿದರೆ ಪರಿಣಾಮ 5ರಿಂದ 2ಕ್ಕಿಳಿದು, 20 ಇದ್ದುದು 8 ಆಗುತ್ತದೆ. ಪೂರ್ತಿ ಇಳಿಯದು, ಹಾಡಿನ ಅರ್ಥ ಹೇಳುವವರು ಇರುವುದಿಲ್ಲವಲ್ಲ. ಎರಡನೆಯ ಪ್ರತಿಯನ್ನು ಬೇರೆ ಊರಿನಲ್ಲಿಟ್ಟರೆ ಇಳಿಯುವುದು ಸಂಭವನೀಯತೆ.

ಹೊಣೆಗಾರರ ಅಂಕಣದಲ್ಲಿ ‘ಸಮಿತಿ’ ಎಂದಿದ್ದರೆ ಆ ಸಾಲು ಯಾರದೂ ಅಲ್ಲ. ತಾಂಡೂರು ವಿಕಾರಾಬಾದ್ ಜಿಲ್ಲೆಯಲ್ಲಿದೆ, ಉಳಿದ ಮೂರೂ ಸಂಗಾರೆಡ್ಡಿಯಲ್ಲಿ. ಶಾಲೆಗಳಲ್ಲಿ ಮುದ್ರಿಸಲು ಅನುಮತಿ ಬೇಕಾದರೆ ‘ಅನುಮತಿ ವಿಳಂಬ’ ಎಂಬ ಒಂದು ಸಾಲು ಸಾಲದು; ಜಿಲ್ಲೆಗೊಂದು ಸಾಲು, ಸಾಲಿಗೊಂದು ಹೆಸರು, ಮುಂದಿನ ಪರಿಶೀಲನೆಯ ದಿನಾಂಕ ಬೇಕು.